ಕಂಪನಿಗೆ ಸಾಲ ಕೊಟ್ಟವರು ಯಾರು? ಚಾರ್ಜ್ ಪಟ್ಟಿ ಓದುವ ಬಗೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಸ್ಟೀಲ್ ಶೀಟ್ ವ್ಯಾಪಾರ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ 90 ದಿನದ ಉದ್ರಿಯಲ್ಲಿ ಸುಮಾರು 40 ಲಕ್ಷ ರೂಪಾಯಿಯ ಮಾಲು ಕೇಳುತ್ತಿದೆ. ‘ನಮಗೆ ಒಂದೇ ಬ್ಯಾಂಕಿನ ಸಾಲ, ಬೇರೇನೂ ಇಲ್ಲ’ ಅಂತಾರೆ. ಇದು ಖರೇನಾ ಅಂತ ನಾನೇ ನೋಡಬಹುದಾ? ನೋಡಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಉತ್ತರ: ನೋಡಬಹುದು. ಕಂಪನಿಯವರನ್ನು ಕೇಳುವ ಅಗತ್ಯವೂ ಇಲ್ಲ, ನೀವು ನೋಡಿದ್ದು ಅವರಿಗೆ ತಿಳಿಯುವುದೂ ಇಲ್ಲ.

ನಮ್ಮ ಕಡೆ ಹೊಲ ಕೊಳ್ಳುವವರು ಮೊದಲು ಪಹಣಿ ತೆಗೆಸಿ 11ನೇ ಕಾಲಂ ನೋಡುತ್ತಾರಲ್ಲ, ಸೊಸೈಟಿಯ ಬೋಜಾ ಇದೆಯೋ ಇಲ್ಲವೋ ಅಂತ? ಕಂಪನಿಗೂ ಅಂಥದ್ದೇ ಒಂದು ಕಾಲಂ ಇದೆ. ಕಂಪನಿ ತನ್ನ ಜಾಗ, ಯಂತ್ರ, ದಾಸ್ತಾನು, ಗಿರಾಕಿಗಳಿಂದ ಬರಬೇಕಾದ ಬಾಕಿ, ಹೀಗೆ ಯಾವುದನ್ನೇ ಭದ್ರತೆಯಾಗಿ ಕೊಟ್ಟು ಸಾಲ ಪಡೆದರೂ ಅದನ್ನು ಕಂಪನಿಗಳ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಬೇಕು. ಹಾಗೆ ಕೊಟ್ಟ ಭದ್ರತೆಗೆ ಕಾನೂನಿನಲ್ಲಿ ‘ಚಾರ್ಜ್’ ಎನ್ನುತ್ತಾರೆ. ಅಡಮಾನವೂ ಅದರೊಳಗೇ ಬಂತು. 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಚಾರ್ಜ್ ಸೃಷ್ಟಿಯಾದ 30 ದಿನದೊಳಗೆ ನೋಂದಣಿ ಆಗಬೇಕು. 81ನೇ ಸೆಕ್ಷನ್ ಪ್ರಕಾರ ಆ ರಿಜಿಸ್ಟರನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು.

ಸಾಲ ಕೊಡುವವರು ಈ ನೋಂದಣಿಯನ್ನು ಮರೆಯುವುದು ಅಪರೂಪ. ನೋಂದಣಿಯಾಗದ ಚಾರ್ಜನ್ನು ಕಂಪನಿ ಮುಳುಗಿದಾಗ ಅದರ ಆಸ್ತಿ ಮಾರಿ ಹಣ ಹಂಚುವ ಲಿಕ್ವಿಡೇಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸಾಲ ಕೊಟ್ಟ ಬೇರೆಯವರ ಎದುರೂ ಅದು ನಿಲ್ಲುವುದಿಲ್ಲ. ಸಾಲ ಸಾಲವಾಗಿಯೇ ಉಳಿಯುತ್ತದೆ, ಆದರೆ ಭದ್ರತೆ ಕೈಬಿಟ್ಟು ಹೋಗುತ್ತದೆ. ಕಂಪನಿ ತಾನಾಗಿ ಮಾಡದಿದ್ದರೆ ಬ್ಯಾಂಕೇ ಅರ್ಜಿ ಹಾಕಿ ನೋಂದಣಿ ಮಾಡಿಸಲು 78ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಹಾಗಾಗಿ ಕಂಪನಿಯ ಬಾಯಿಮಾತಿಗಿಂತ ಈ ಪಟ್ಟಿಯನ್ನು ನಾನು ಹೆಚ್ಚು ನಂಬುತ್ತೇನೆ. ಅದರ ಮಿತಿಗಳನ್ನು ಮುಂದೆ ಹೇಳುತ್ತೇನೆ.

ಮೊದಲು ಕಂಪನಿಯ ಸಿಐಎನ್ ಸಂಖ್ಯೆ ಹುಡುಕಿಕೊಳ್ಳಿ. 21 ಅಕ್ಷರ ಮತ್ತು ಅಂಕಿಗಳ ಈ ಗುರುತು ಅವರ ಲೆಟರ್‌ಹೆಡ್ ಮೇಲೆ, ಬಿಲ್ಲಿನ ಮೇಲೆ ಇರಲೇಬೇಕು ಅಂತ ನಿಯಮವಿದೆ. ಹೆಸರು ಟೈಪ್ ಮಾಡಿ ಹುಡುಕಬೇಡಿ. ಒಂದೇ ಮನೆತನದವರು ‘ಇಂಡಸ್ಟ್ರೀಸ್’, ‘ಎಂಜಿನಿಯರಿಂಗ್’, ‘ಎಂಟರ್‌ಪ್ರೈಸಸ್’ ಅಂತ ಮೂರು ಕಂಪನಿ ಇಟ್ಟಿರುತ್ತಾರೆ. ಸಾಲ ಒಂದರ ಮೇಲೆ, ನಿಮಗೆ ಕೊಟ್ಟ ಆರ್ಡರ್ ಇನ್ನೊಂದರ ಹೆಸರಲ್ಲಿ. ಯಾವ ಕಂಪನಿಯ ಪರ್ಚೇಸ್ ಆರ್ಡರ್ ನಿಮ್ಮ ಕೈಗೆ ಬಂದಿದೆಯೋ ಅದರ ಸಿಐಎನ್ ಬೇಕು. ಆರ್ಡರ್ ಕೊಟ್ಟದ್ದು ಕಂಪನಿಯೇ ಅಲ್ಲ, ಅದೇ ಮಾಲೀಕರ ಪಾಲುದಾರಿಕೆ ಸಂಸ್ಥೆ ಅಂತ ತಿಳಿದುಬಂದರೆ ಈ ರಿಜಿಸ್ಟರ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಪಾಲುದಾರಿಕೆ ಸಂಸ್ಥೆ, ಒಬ್ಬರೇ ಮಾಲೀಕರ ಅಂಗಡಿ ಇವುಗಳ ಸಾಲ ಅಲ್ಲಿ ದಾಖಲಾಗುವುದಿಲ್ಲ.

ಆಮೇಲೆ mca.gov.in ತಾಣದಲ್ಲಿ ಒಂದು ಉಚಿತ ಖಾತೆ ತೆರೆದು ಒಳಗೆ ಹೋಗಿ. MCA Services ಎಂಬ ಮೆನುವಿನ ಕೆಳಗೆ Master Data ವಿಭಾಗವಿದೆ. ಅಲ್ಲಿ ಕಂಪನಿಯ ಮೂಲ ವಿವರದ ಜೊತೆಗೆ ಚಾರ್ಜ್‌ಗಳ ಸೂಚಿ, ಅಂದರೆ Index of Charges, ಸಿಗುತ್ತದೆ. ಇದಕ್ಕೆ ಹಣ ಕೊಡಬೇಕಿಲ್ಲ. ಒಂದೊಂದು ಸಾಲಿಗೆ ಒಂದೊಂದು ಚಾರ್ಜ್. ಸಾಲ ಕೊಟ್ಟವರ ಹೆಸರು Charge Holder Name ಎಂಬ ಕಾಲಂನಲ್ಲಿ, ಸೃಷ್ಟಿಯಾದ ದಿನ Date of Creation ಕೆಳಗೆ, ಬದಲಾದ ದಿನ Date of Modification ಕೆಳಗೆ, ತೀರುವಳಿಯಾದ ದಿನ Date of Satisfaction ಕೆಳಗೆ, ಮೊತ್ತ Amount ಕೆಳಗೆ ಇರುತ್ತದೆ. ತೀರುವಳಿ ಕಾಲಂ ಖಾಲಿ ಇದ್ದರೆ ಆ ಚಾರ್ಜ್ ದಾಖಲೆಯ ಮಟ್ಟಿಗೆ ಇನ್ನೂ ಜೀವಂತ.

ಇಷ್ಟರವರೆಗೆ ಹತ್ತು ನಿಮಿಷದ ಕೆಲಸ. ಓದುವುದು ಇಲ್ಲಿಂದ ಶುರು. ನಿಮ್ಮ ಗಿರಾಕಿಯಂಥ ಒಂದು ಕಂಪನಿಯ ಪಟ್ಟಿಯನ್ನು ಕಲ್ಪಿಸಿಕೊಂಡು ಒಂದೊಂದೇ ಸಾಲು ಓದೋಣ. ಅಂಕಿಗಳು ಉದಾಹರಣೆಗೆ ಇಟ್ಟವು, ಆದರೆ ಸಣ್ಣ, ಮಧ್ಯಮ ಕಾರ್ಖಾನೆಗಳ ಪಟ್ಟಿ ಸಾಮಾನ್ಯವಾಗಿ ಹೀಗೇ ಕಾಣುತ್ತದೆ.

ಪಟ್ಟಿಯಲ್ಲಿ ತೀರುವಳಿಯಾಗದ ಆರು ಸಾಲುಗಳಿವೆ ಅಂದುಕೊಳ್ಳಿ. ಮೊದಲನೆಯದು 2009ರದ್ದು, 85 ಲಕ್ಷ, ವಿಜಯಾ ಬ್ಯಾಂಕ್ ಹೆಸರಲ್ಲಿ. ಎರಡನೆಯದು 2014ರಲ್ಲಿ ಒಂದು ಸರ್ಕಾರಿ ಬ್ಯಾಂಕಿಗೆ ಕೊಟ್ಟದ್ದು. ಕೊನೆಯ ಬದಲಾವಣೆ 2023ರಲ್ಲಿ, ಮೊತ್ತ 6.5 ಕೋಟಿ. ಮೂರನೆಯದು 2021ರ ಜನವರಿ, ಅದೇ ಸರ್ಕಾರಿ ಬ್ಯಾಂಕ್, 62 ಲಕ್ಷ. ನಾಲ್ಕನೆಯದು 2022ರಲ್ಲಿ ಒಂದು ಎನ್‌ಬಿಎಫ್‌ಸಿಗೆ, ಅಂದರೆ ಬ್ಯಾಂಕಲ್ಲದ ಹಣಕಾಸು ಕಂಪನಿಗೆ, 1.2 ಕೋಟಿ. ಐದನೆಯದು 2024ರಲ್ಲಿ ಒಂದು ಖಾಸಗಿ ಬ್ಯಾಂಕಿಗೆ, 18 ಲಕ್ಷ. ಆರನೆಯದು 2025ರ ಆಗಸ್ಟ್, ಇನ್ನೊಂದು ಎನ್‌ಬಿಎಫ್‌ಸಿ, 75 ಲಕ್ಷ. ಕೂಡಿಸಿದರೆ 10 ಕೋಟಿ 10 ಲಕ್ಷ.

ಹೊಸಬರು ಇಲ್ಲೇ ಎಡವುತ್ತಾರೆ. ಈ 10 ಕೋಟಿ 10 ಲಕ್ಷ ಕಂಪನಿಯ ಸಾಲವಲ್ಲ. ಪಟ್ಟಿಯಲ್ಲಿರುವುದು ಭದ್ರತೆ ಎಷ್ಟು ಮೊತ್ತಕ್ಕೆ ಕೊಟ್ಟಿದೆ ಎಂಬ ಅಂಕಿ. ಇವತ್ತು ಬಾಕಿ ಎಷ್ಟಿದೆ ಎಂಬುದು ಅಲ್ಲಿಲ್ಲ. ಅವಧಿ ಸಾಲದ ಕಂತು ತೀರುತ್ತ ಬಂದರೂ ಪಟ್ಟಿಯ ಮೊತ್ತ ಕರಗುವುದಿಲ್ಲ. ಪೂರ್ತಿ ತೀರಿ, ತೀರುವಳಿ ದಾಖಲಾಗುವ ತನಕ ಅದೇ ಅಂಕಿ ನಿಂತಿರುತ್ತದೆ. ಕ್ಯಾಷ್ ಕ್ರೆಡಿಟ್ ಖಾತೆಯಾದರೆ ಬ್ಯಾಂಕ್ ಮಂಜೂರು ಮಾಡಿದ ಮಿತಿ ಕಾಣುತ್ತದೆ, ಕಂಪನಿ ಬಳಸಿಕೊಂಡದ್ದು ಕಾಣುವುದಿಲ್ಲ. ಆದ್ದರಿಂದ ಮೊತ್ತ ಕೂಡಿಸುವುದು ಬಿಟ್ಟು ಒಂದೊಂದು ಸಾಲಿನ ಹಿಂದೆ ಇರುವ ಕಥೆ ನೋಡಬೇಕು.

ಮೊದಲ ಸಾಲಿನ ಬ್ಯಾಂಕೇ ಈಗ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ನಮ್ಮ ರಾಜ್ಯದ ಹಳೆಯ ಕಂಪನಿಗಳ ಪಟ್ಟಿಯಲ್ಲಿ ಇಂಥ ಹೆಸರುಗಳು ಮೇಲಿಂದ ಮೇಲೆ ಸಿಗುತ್ತವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಆಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಬ್ಯಾಂಕ್ ಹೋದರೂ ಚಾರ್ಜ್ ಹೋಗುವುದಿಲ್ಲ, ಹಕ್ಕು ಹೊಸ ಬ್ಯಾಂಕಿಗೆ ಬರುತ್ತದೆ. ಆದರೆ 2009ರಿಂದ ಒಂದು ಬದಲಾವಣೆಯೂ ಇಲ್ಲದೆ ಬಿದ್ದಿರುವ ಸಾಲು ಬಹುತೇಕ ಸತ್ತ ಬೋಜಾ. ರೈತರು ಸೊಸೈಟಿ ಸಾಲ ಕಟ್ಟಿ ಪಹಣಿಯಿಂದ ಬೋಜಾ ತೆಗೆಸುವುದನ್ನು ಮರೆಯುತ್ತಾರಲ್ಲ, ಹಾಗೆಯೇ. ಸಾಲ ತೀರಿದ ಮೇಲೆ ಕಂಪನಿ 30 ದಿನದೊಳಗೆ CHG-4 ಎಂಬ ನಮೂನೆ ಹಾಕಬೇಕು, ಹೆಚ್ಚುವರಿ ಶುಲ್ಕ ಕಟ್ಟಿದರೆ 300 ದಿನದವರೆಗೆ ಅವಕಾಶ. ಆ ಗಡುವೂ ದಾಟಿದರೆ ಪ್ರಾದೇಶಿಕ ನಿರ್ದೇಶಕರ ಹತ್ತಿರ ಅರ್ಜಿ ಹಾಕಿ ಮನ್ನಾ ಪಡೆಯಬೇಕು. ಆ ತಾಪತ್ರಯ ಯಾರಿಗೆ ಬೇಕು ಅಂತ ಬಹಳ ಜನ ಬಿಟ್ಟುಬಿಡುತ್ತಾರೆ.

ಸತ್ತಿದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಕಂಪನಿಯವರನ್ನು ಕೇಳಿ, ಬ್ಯಾಂಕಿನ ನೋ ಡ್ಯೂ ಪತ್ರ ಇದ್ದರೆ ಮುಗಿಯಿತು. ಪತ್ರವಿಲ್ಲದೆ ‘ಅದು ಎಂದೋ ಮುಗಿದಿದೆ ಬಿಡ್ರಿ’ ಎಂಬ ಮಾತು ಸಾಲದು.

ಮೂರನೆಯ ಸಾಲು ನೋಡಿ. 2020ರ ಮೇ ತಿಂಗಳ ನಂತರ ಒಂದೆರಡು ವರ್ಷದಲ್ಲಿ, ಹಳೆಯ ಬ್ಯಾಂಕೇ ಕೊಟ್ಟ ಒಂದು ಸಣ್ಣ ಸಾಲ ಪಟ್ಟಿಯಲ್ಲಿ ಕಂಡರೆ ಅದು ಕೋವಿಡ್ ಕಾಲದ ತುರ್ತು ಸಾಲ ಖಾತರಿ ಯೋಜನೆಯದ್ದಾಗಿರುವ ಸಾಧ್ಯತೆ ಹೆಚ್ಚು. ಆ ಯೋಜನೆಯ ಮೊದಲ ರೂಪದಲ್ಲಿ 2020ರ ಫೆಬ್ರವರಿ 29ಕ್ಕೆ ಇದ್ದ ಬಾಕಿಯ ಶೇ 20ರಷ್ಟನ್ನು, 4 ವರ್ಷದ ಅವಧಿಗೆ, ಮೊದಲ 1 ವರ್ಷ ಅಸಲು ಕಟ್ಟದ ವಿನಾಯಿತಿಯೊಡನೆ ಕೊಡುತ್ತಿದ್ದರು. 62 ಲಕ್ಷ ಶೇ 20 ಆದರೆ ಆಗಿನ ಬಾಕಿ 3 ಕೋಟಿ 10 ಲಕ್ಷ. ಪಟ್ಟಿ ಹೇಳದ ಒಂದು ಅಂಕಿ ಹೀಗೆ ಪಕ್ಕದ ಬಾಗಿಲಿನಿಂದ ಸಿಕ್ಕಿತು: 2020ರಲ್ಲಿ ಸುಮಾರು 3 ಕೋಟಿ ಬಾಕಿ ಇದ್ದ ಬ್ಯಾಂಕಿನ ಮಿತಿ 2023ಕ್ಕೆ 6.5 ಕೋಟಿ ಆಗಿದೆ. ಅಷ್ಟರಲ್ಲಿ ವ್ಯಾಪಾರವೂ ಹಾಗೇ ಬೆಳೆದಿದೆಯೇ ಎಂದು ಲಾಭ–ನಷ್ಟದ ಪಟ್ಟಿಯಲ್ಲಿ ನೋಡಬೇಕು. ವಹಿವಾಟು ನಿಂತಲ್ಲೇ ನಿಂತು ಮಿತಿ ಮಾತ್ರ ಎರಡು ಪಟ್ಟಾಗಿದ್ದರೆ ಹಣ ಎಲ್ಲೋ ಸಿಕ್ಕಿಕೊಂಡಿದೆ. ಆ 62 ಲಕ್ಷ 2025ರ ಆರಂಭಕ್ಕೆ ತೀರಿರಬೇಕು. ಪಟ್ಟಿಯಲ್ಲಿ ಇನ್ನೂ ಇದ್ದರೆ ತೀರುವಳಿ ದಾಖಲಿಸಿಲ್ಲ ಅಥವಾ ಸಾಲ ಮುಂದೂಡಿದ್ದಾರೆ. ಎರಡರಲ್ಲಿ ಯಾವುದು ಎಂದು ಕೇಳಿ.

ಐದನೆಯದನ್ನು ನೋಡಿ ಹೆದರಬೇಡಿ, 18 ಲಕ್ಷ ಅಂದರೆ ಬಹುಶಃ ನಿರ್ದೇಶಕರ ಕಾರು.

ನಿಜವಾಗಿ ನಿಲ್ಲಬೇಕಾದದ್ದು ಎರಡನೆಯ ಮತ್ತು ಆರನೆಯ ಸಾಲಿನ ಮುಂದೆ. ಅದಕ್ಕೆ ಸೂಚಿ ಸಾಲದು, ಮೂಲ ಕಾಗದ ಬೇಕು. ಅದೇ ತಾಣದಲ್ಲಿ View Public Documents ಎಂಬ ಸೇವೆಯಿದೆ. ಒಂದು ಕಂಪನಿಗೆ 100 ರೂಪಾಯಿ. ನಿಗದಿತ ಅವಧಿಯವರೆಗೆ ಮಾತ್ರ ಕಡತ ತೆರೆದಿರುತ್ತದೆ, ಹಾಗಾಗಿ ಹಣ ಕಟ್ಟಿದ ಕೂಡಲೇ ಬೇಕಾದದ್ದನ್ನೆಲ್ಲ ಇಳಿಸಿಕೊಳ್ಳಿ. ಚಾರ್ಜ್ ದಾಖಲೆಗಳ ಗುಂಪಿನಲ್ಲಿ ನೋಂದಣಿಗೆ ಸಲ್ಲಿಸಿದ CHG-1 ಎಂಬ ನಮೂನೆಗಳು ಸಿಗುತ್ತವೆ, ಡಿಬೆಂಚರ್ ಅಂದರೆ ಸಾಲಪತ್ರ ಆಗಿದ್ದರೆ CHG-9. ಪ್ರತಿ ನಮೂನೆಯ ಜೊತೆ ಬ್ಯಾಂಕಿನೊಡನೆ ಮಾಡಿಕೊಂಡ ಕರಾರುಪತ್ರವನ್ನೂ ಲಗತ್ತಿಸಿರುತ್ತಾರೆ. ನೂರು ರೂಪಾಯಿಗೆ ಒಂದು ಕಂಪನಿಯ ಬಡ್ಡಿ ದರ, ಮರುಪಾವತಿಯ ಅವಧಿ, ಒತ್ತೆ ಇಟ್ಟ ಆಸ್ತಿಯ ವಿವರ, ಮಾರ್ಜಿನ್ ಎಲ್ಲ ನಿಮ್ಮ ಮೇಜಿನ ಮೇಲೆ. ನನ್ನ ಹತ್ತಿರ ಸಲಹೆಗೆ ಬರುವ ವ್ಯಾಪಾರಿಗಳಲ್ಲಿ ಹೆಚ್ಚಿನವರು ಈ ಸೌಲಭ್ಯ ಇದೆ ಎಂಬುದನ್ನೇ ಕೇಳಿರುವುದಿಲ್ಲ, ಅದು ನನಗೆ ಪ್ರತಿ ಸಲ ಸಂಕಟ ತರುತ್ತದೆ.

CHG-1ರಲ್ಲಿ ಒತ್ತೆ ಇಟ್ಟ ಆಸ್ತಿಯ ಸಂಕ್ಷಿಪ್ತ ವಿವರ ಎಂಬ ಭಾಗವನ್ನು ನಿಧಾನವಾಗಿ ಓದಿ. ಕ್ಯಾಷ್ ಕ್ರೆಡಿಟ್ ಕೊಟ್ಟ ಬ್ಯಾಂಕಿನ ಕಾಗದದಲ್ಲಿ ಸಾಮಾನ್ಯವಾಗಿ ಕಚ್ಚಾ ಮಾಲು, ಅರ್ಧ ತಯಾರಾದ ಮಾಲು, ತಯಾರಾದ ಮಾಲು, ಗಿರಾಕಿಗಳಿಂದ ಬರಬೇಕಾದ ಬಾಕಿ ಎಲ್ಲವೂ ಹೈಪಾಥಿಕೇಶನ್ ಆಗಿದೆ, ಅಂದರೆ ಕಂಪನಿಯ ಕೈಯಲ್ಲೇ ಇದ್ದು ಬ್ಯಾಂಕಿಗೆ ಒತ್ತೆಯಾಗಿದೆ ಎಂದು ಬರೆದಿರುತ್ತದೆ. ಕಾರ್ಖಾನೆಯಲ್ಲಿರಲಿ, ಗೋಡೌನಿನಲ್ಲಿರಲಿ, ದಾರಿಯಲ್ಲಿರಲಿ. ಕೊನೆಗೆ ಮೂರು ಪದ ಇರುತ್ತವೆ: ‘ಪ್ರೆಸೆಂಟ್ ಅಂಡ್ ಫ್ಯೂಚರ್’. ಈಗ ಇರುವುದು, ಮುಂದೆ ಬರುವುದು. ನಿಮ್ಮ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಮುಂದೆ ಬರುವ ಮಾಲಿನಲ್ಲಿ ನಿಮ್ಮ ಶೀಟುಗಳೂ ಸೇರಿವೆ. ನಿಮ್ಮ ಲಾರಿಯಿಂದ ಕಾಯಿಲ್ ಇಳಿಸಿ, ಅವರ ಸ್ಟೋರ್ ಕೀಪರ್ ಚಲನ್‌ಗೆ ಸಹಿ ಹಾಕಿ, ಮಾಲು ಅವರದ್ದಾದ ಗಳಿಗೆಗೆ ಅದು ಬ್ಯಾಂಕಿನ ಭದ್ರತೆಯೊಳಗೆ ಹೋಗುತ್ತದೆ. ನಿಮಗೆ ಒಂದು ರೂಪಾಯಿ ಬಂದಿರದಿದ್ದರೂ.

ಕೆಲವು ವರ್ಷಗಳ ಹಿಂದೆ ಒಬ್ಬ ಬಣ್ಣದ ವ್ಯಾಪಾರಿ ನನ್ನ ಕಚೇರಿಗೆ ಬಂದಿದ್ದರು. ಅವರ ಗಿರಾಕಿಯ ಕಾರ್ಖಾನೆಗೆ ಬ್ಯಾಂಕ್ ಬೀಗ ಹಾಕಿ ಗೇಟಿಗೆ ನೋಟಿಸ್ ಅಂಟಿಸಿತ್ತು. ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿದರೆ ಅವರದ್ದೇ ಅಂಗಡಿಯ ಚೀಟಿ ಅಂಟಿದ, ಮುಚ್ಚಳ ಸಹ ತೆಗೆಯದ ಡ್ರಮ್ಮುಗಳು ಶೆಡ್ಡಿನ ಕೆಳಗೆ ಸಾಲಾಗಿ ಕಾಣುತ್ತಿದ್ದವಂತೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದರು. ‘ಸರ್, ಇವು ನಮ್ಮವು, ದುಡ್ಡು ಬಂದಿಲ್ಲ, ವಾಪಸ್ ತರಬಹುದಲ್ವಾ?’ ಅಂತ ಕೇಳಿದರು. ತರಲು ಬರಲಿಲ್ಲ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಹಣ ಬಾರದ ಮಾರಾಟಗಾರನಿಗೆ ಮಾಲು ಹಿಡಿದಿಟ್ಟುಕೊಳ್ಳುವ ಹಕ್ಕಿದೆ, ಆದರೆ ಕೊಂಡವನ ಕೈಗೆ ಮಾಲು ಸೇರಿದ ಮೇಲೆ ಆ ಹಕ್ಕು ಹೋಗುತ್ತದೆ. ಆ ಕಂಪನಿಯ ಚಾರ್ಜ್ ಕಾಗದವನ್ನು ಅವರು ಮೊದಲ ಬಾರಿ ಓದಿದ್ದು ಅವತ್ತು, ನನ್ನ ಕಂಪ್ಯೂಟರ್ ಮುಂದೆ ಕೂತು.

ಆದ್ದರಿಂದ ನಾನು ಉದ್ರಿ ಕೊಡುವವರಿಗೆ ಹೇಳುವುದು ಇಷ್ಟು: ‘ಕಂಪನಿಗೆ ಸಾಲ ಎಷ್ಟಿದೆ’ ಎಂಬುದಕ್ಕಿಂತ ‘ನನ್ನ ಮಾಲು ಇಳಿದ ಮೇಲೆ ಯಾರ ಹಿಡಿತಕ್ಕೆ ಹೋಗುತ್ತದೆ, ಅದು ಮಾರಿ ಬಂದ ಹಣ ಯಾರ ಹಿಡಿತಕ್ಕೆ ಹೋಗುತ್ತದೆ’ ಎಂಬುದನ್ನು ಹುಡುಕಿ. 1.2 ಕೋಟಿಯ ನಾಲ್ಕನೆಯ ಚಾರ್ಜ್ ಯಂತ್ರದ ಮೇಲೆ ಮಾತ್ರ ಇದ್ದರೆ ಅದು ನಿಮ್ಮನ್ನು ನೇರವಾಗಿ ಮುಟ್ಟುವುದಿಲ್ಲ. ದಾಸ್ತಾನಿನ ಮೇಲಿನ ಎರಡನೆಯದು ಮುಟ್ಟುತ್ತದೆ.

ಈಗ ಆರನೆಯದು. ಅದರ CHG-1 ತೆರೆದರೆ ಗಿರಾಕಿಗಳಿಂದ ಬರಬೇಕಾದ ಬಾಕಿಯ ಮೇಲೆ ಸಾಲ ಎಂದಿದೆ ಅಂದುಕೊಳ್ಳಿ. ಆದರೆ ಆ ಬಾಕಿ ಆಗಲೇ ಎರಡನೆಯ ಸಾಲಿನ ಸರ್ಕಾರಿ ಬ್ಯಾಂಕಿಗೆ ಒತ್ತೆಯಾಗಿದೆ. ಒಂದೇ ಆಸ್ತಿ ಇಬ್ಬರ ಕೈಯಲ್ಲಿ. ಹಾಗಾದರೆ ಕಾಗದದಲ್ಲಿ ಪಾಳಿ ಬರೆದಿರಬೇಕು. ‘ಸೆಕೆಂಡ್ ಚಾರ್ಜ್’ ಅಂದರೆ ಮೊದಲ ಬ್ಯಾಂಕಿನ ಬಾಕಿ ತೀರಿದ ಮೇಲೆ ಇವರ ಪಾಳಿ. ‘ಪಾರಿ ಪಾಸು’ ಅಂದರೆ ಇಬ್ಬರೂ ಸಮಾನವಾಗಿ, ಬಾಕಿಯ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ, ಅದಕ್ಕೆ ಮೊದಲ ಬ್ಯಾಂಕ್ ಒಪ್ಪಿಗೆ ಪತ್ರ ಕೊಟ್ಟಿರಬೇಕು. ‘ಎಕ್ಸ್‌ಕ್ಲೂಸಿವ್’ ಅಂತ ಇಬ್ಬರ ಕಾಗದದಲ್ಲೂ ಇದ್ದರೆ ಒಬ್ಬರಿಗೆ ಕಂಪನಿ ನಿಜ ಹೇಳಿಲ್ಲ.

ಈ ಸಾಲು ಇನ್ನೊಂದು ವಿಷಯವನ್ನೂ ಹೇಳುತ್ತಿದೆ. 6.5 ಕೋಟಿ ಮಿತಿ ಕೊಟ್ಟ ಬ್ಯಾಂಕ್ ಜೊತೆಯಲ್ಲೇ ಇರುವಾಗ, ಅದಕ್ಕಿಂತ ದುಬಾರಿ ಬಡ್ಡಿಗೆ ಹೊರಗೆ ಯಾಕೆ ಹೋದರು? ಮಿತಿ ಏರಿಸಲು ಬ್ಯಾಂಕ್ ಒಪ್ಪದೆ ಹೋಗಿರಬಹುದು. ತುರ್ತಿನ ದೊಡ್ಡ ಆರ್ಡರ್ ಬಂದಿರಬಹುದು, ಅದು ಒಳ್ಳೆಯ ಕಾರಣ. CHG-1ರಲ್ಲಿ ಬಡ್ಡಿ ದರ ಬರೆದಿರುತ್ತದೆ, ಎರಡೂ ಕಾಗದದ ದರಗಳನ್ನು ಪಕ್ಕಪಕ್ಕದಲ್ಲಿಡಿ. ಕಳೆದ ಒಂದು ವರ್ಷದಲ್ಲಿ ಇಂಥ ಹೊಸ ಹೆಸರುಗಳು ಎರಡು ಮೂರು ಕಂಡರೆ, ಒಂದೊಂದೂ ಸಣ್ಣ ಮೊತ್ತ, ಚಿಕ್ಕ ಅವಧಿ ಆಗಿದ್ದರೆ, ಆ ಕಂಪನಿಗೆ 90 ದಿನದ ಉದ್ರಿ ಕೊಡಲು ನಾನಂತೂ ಹೇಳುವುದಿಲ್ಲ. ಅವರು ನಿಮ್ಮನ್ನೂ ಇನ್ನೊಬ್ಬ ಸಾಲ ಕೊಡುವವರ ಹಾಗೆ, ಬಡ್ಡಿಯಿಲ್ಲದೆ, ಬಳಸಿಕೊಳ್ಳುತ್ತಿದ್ದಾರೆ.

ಇನ್ನೊಂದು ಸಣ್ಣ ಸಂಗತಿ. ಸೃಷ್ಟಿಯಾದ ದಿನಕ್ಕೂ ನಮೂನೆ ಸಲ್ಲಿಸಿದ ದಿನಕ್ಕೂ ಎಷ್ಟು ಅಂತರವಿದೆ ನೋಡಿ. 30 ದಿನ ದಾಟಿದರೆ ಹೆಚ್ಚುವರಿ ಶುಲ್ಕದೊಡನೆ 60ನೇ ದಿನದವರೆಗೆ, ಆಮೇಲೆ ಸಾಲದ ಮೊತ್ತಕ್ಕೆ ತಕ್ಕ ಭಾರಿ ಶುಲ್ಕದೊಡನೆ ಇನ್ನೂ 60 ದಿನ ಸಿಗುತ್ತದೆ. ಅಂದರೆ ಈಗಿನ ನಿಯಮದಲ್ಲಿ ಗರಿಷ್ಠ 120 ದಿನ. ಇದರಿಂದ ನಿಮಗೆ ಬರುವ ತೊಂದರೆ ಏನೆಂದರೆ, ಹಿಂದಿನ ವಾರ ತೆಗೆದುಕೊಂಡ ಸಾಲ ಇವತ್ತಿನ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಅದು ತಪ್ಪಲ್ಲ, ಗಡುವು ಇನ್ನೂ ಇದೆ. ಪಟ್ಟಿ ಯಾವಾಗಲೂ ಒಂದು ತಿಂಗಳು ಹಿಂದಿನ ಚಿತ್ರ ಎಂದೇ ತಿಳಿಯಿರಿ.

ಹೆಸರಿನ ಕಾಲಂನಲ್ಲಿ ಕೆಲವೊಮ್ಮೆ ‘ಟ್ರಸ್ಟಿ’ ಅಥವಾ ‘ಟ್ರಸ್ಟೀಶಿಪ್’ ಎಂಬ ಪದ ಸೇರಿದ ಸಂಸ್ಥೆ ಕಾಣುತ್ತದೆ. ಅವರು ಸಾಲ ಕೊಟ್ಟವರಲ್ಲ. ಡಿಬೆಂಚರ್ ಕೊಂಡವರ ಪರವಾಗಿ, ಅಥವಾ ಹಲವು ಬ್ಯಾಂಕುಗಳ ಪರವಾಗಿ ಭದ್ರತೆಯನ್ನು ಹಿಡಿದುಕೊಂಡವರು. ಹಣ ಯಾರದ್ದು ಎಂಬುದು ಒಳಗಿನ ಟ್ರಸ್ಟ್ ಕರಾರಿನಲ್ಲೋ ಬ್ಯಾಲೆನ್ಸ್ ಶೀಟಿನಲ್ಲೋ ಸಿಗುತ್ತದೆ. ನಿಮ್ಮ ಗಿರಾಕಿಯ ಗಾತ್ರದ ಕಂಪನಿಯಲ್ಲಿ ಇದು ಕಡಿಮೆ.

ಪಟ್ಟಿಯಲ್ಲಿ ಬಾರದೇ ಇರುವುದು ಏನು ಎಂಬುದನ್ನೂ ಹೇಳಬೇಕು. ಭದ್ರತೆ ಇಲ್ಲದ ಸಾಲ ಯಾವುದೂ ಬರುವುದಿಲ್ಲ: ನಿರ್ದೇಶಕರು ಹಾಕಿದ ಹಣ, ನೆಂಟರಿಷ್ಟರ ಕೈಸಾಲ, ಬರೀ ಸಹಿಯ ಮೇಲೆ ಸಿಗುವ ಬಿಸಿನೆಸ್ ಲೋನ್, ಬೇರೆ ಪೂರೈಕೆದಾರರ ಬಾಕಿ, ಕಟ್ಟದೆ ಉಳಿದ ಜಿಎಸ್‌ಟಿ. ನಿರ್ದೇಶಕರು ತಮ್ಮ ಸ್ವಂತ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟಿದ್ದರೆ ಅದೂ ಬರಬೇಕಿಲ್ಲ, ಅದು ಕಂಪನಿಯ ಆಸ್ತಿಯಲ್ಲ. ಹಾಗಾಗಿ ಚಾರ್ಜ್ ಒಂದೂ ಇಲ್ಲ ಎಂಬ ಉತ್ತರ ಬಂದರೆ ಸಾಲವೇ ಇಲ್ಲ ಅಂತ ಅರ್ಥವಲ್ಲ.

ಕಾರ್ಖಾನೆಯ ಜಾಗದ ವಿಷಯದಲ್ಲಿ ಇನ್ನೆರಡು ಕಡೆ ನೋಡಿ. ನಿಮ್ಮ ಗಿರಾಕಿ ‘ಜಾಗ ನಮ್ಮದೇ, ಕೋಟಿಗಟ್ಟಲೆ ಬೆಲೆ’ ಎಂದಿರಬಹುದು. ಅದು ಕಂಪನಿಯ ಹೆಸರಲ್ಲಿದೆಯೋ ನಿರ್ದೇಶಕರ ಹೆಸರಲ್ಲಿದೆಯೋ? ಒತ್ತೆ ಇಟ್ಟ ಆಸ್ತಿ ಕಂಪನಿಯ ಹೆಸರಲ್ಲಿ ಇಲ್ಲವೇ ಎಂದು CHG-1 ನೇರವಾಗಿಯೇ ಕೇಳುತ್ತದೆ, ಆ ಉತ್ತರ ನೋಡಿ. ನಿರ್ದೇಶಕರ ಹೆಸರಲ್ಲಿದ್ದರೆ ಆ ಕೋಟಿಗಳು ನಿಮ್ಮ ಲೆಕ್ಕಕ್ಕೆ ಬಾರವು. ಜಾಗದ ಋಣಭಾರ ಪ್ರಮಾಣಪತ್ರವನ್ನು, ನಾವು ಇ.ಸಿ. ಅನ್ನುತ್ತೇವಲ್ಲ ಅದನ್ನು, ಕಾವೇರಿ ತಾಣದಿಂದ ತೆಗೆಯಬಹುದು. ಅಡಮಾನ ನೋಂದಣಿಯಾಗಿದ್ದರೆ ನಮೂನೆ 15ರಲ್ಲಿ ಬರುತ್ತದೆ. ಇದಲ್ಲದೆ ಸರ್ಸಾಯಿ ಎಂಬ ಕೇಂದ್ರ ನೋಂದಣಿ ಕಚೇರಿ 2011ರಿಂದ ಬ್ಯಾಂಕುಗಳ ಭದ್ರತೆಗಳನ್ನು ದಾಖಲಿಸುತ್ತಿದೆ. ಅದರ ತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಆಸ್ತಿಯ ವಿವರ ಹಾಕಿ ಹುಡುಕಬಹುದು. ಅಲ್ಲಿ ಪ್ಲಾಟ್ ಸಂಖ್ಯೆಯನ್ನು ಬ್ಯಾಂಕಿನವರು ಹೇಗೆ ಟೈಪ್ ಮಾಡಿದ್ದಾರೋ ಹಾಗೆ ಹಾಕದಿದ್ದರೆ ಸಿಗದೇ ಹೋಗಬಹುದು. ಅದಕ್ಕೆ CHG-1ರಲ್ಲಿ ಜಾಗದ ವಿವರ ಬರೆದ ರೀತಿಯನ್ನೇ ನಕಲು ಮಾಡಿ, ಒಂದೆರಡು ಬಗೆಯಲ್ಲಿ ಹುಡುಕಿ.

ಇನ್ನು ಬ್ಯಾಲೆನ್ಸ್ ಶೀಟ್. ಅದೇ ನೂರು ರೂಪಾಯಿಯಲ್ಲಿ ಅದೂ ಸಿಗುತ್ತದೆ. ಸಾಲಗಳ ಟಿಪ್ಪಣಿಯಲ್ಲಿ ಮಾರ್ಚ್ 31ಕ್ಕೆ ಯಾರಿಗೆ ಎಷ್ಟು ಬಾಕಿ ಎಂಬುದು ಇರುತ್ತದೆ. ಚಾರ್ಜ್ ಪಟ್ಟಿಯ ಒಂದೊಂದು ಹೆಸರನ್ನೂ ಅಲ್ಲಿ ಹುಡುಕಿ ಗುರುತು ಹಾಕುತ್ತ ಬನ್ನಿ. ನಮ್ಮ ಉದಾಹರಣೆಯಲ್ಲಿ ವಿಜಯಾ ಬ್ಯಾಂಕಿನ ಸಾಲಾಗಲಿ ಅದನ್ನು ಸೇರಿಸಿಕೊಂಡ ಬ್ಯಾಂಕಿನ ಸಾಲಾಗಲಿ ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಸತ್ತ ಬೋಜಾ ಎಂಬ ಊಹೆಗೆ ಬಲ ಬಂತು. ಟಿಪ್ಪಣಿಯಲ್ಲಿರುವ ಒಂದು ಭದ್ರತೆಯ ಸಾಲ ಚಾರ್ಜ್ ಪಟ್ಟಿಯಲ್ಲೇ ಇಲ್ಲ ಅಂದರೆ ನೋಂದಣಿ ಆಗಿಲ್ಲ. 2021ರ ಏಪ್ರಿಲ್‌ನಿಂದ ಲೆಕ್ಕಪತ್ರದ ನಿಯಮ ಬದಲಾಗಿ, ಗಡುವು ಮೀರಿದರೂ ನೋಂದಣಿಯಾಗದ ಚಾರ್ಜ್ ಮತ್ತು ತೀರುವಳಿಗಳನ್ನು ಕಾರಣದೊಡನೆ ಟಿಪ್ಪಣಿಯಲ್ಲಿ ಬರೆಯಲೇಬೇಕಾಗಿದೆ. ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಬಿಡದೆ ಓದಿ.

ಅದರ ಹತ್ತಿರವೇ ಇನ್ನೊಂದು ಸಾಲು ಇರುತ್ತದೆ. ದಾಸ್ತಾನು, ಬಾಕಿಗಳ ಬಗ್ಗೆ ಕಂಪನಿ ಬ್ಯಾಂಕಿಗೆ ಕೊಟ್ಟ ಮೂರು ತಿಂಗಳ ವಿವರಪಟ್ಟಿಗಳು ಲೆಕ್ಕಪುಸ್ತಕದೊಡನೆ ತಾಳೆಯಾಗುತ್ತವೆಯೇ ಎಂಬುದು. ಇದು ನಿಮಗೆ ಯಾಕೆ ಮುಖ್ಯ ಅಂದರೆ, ಬ್ಯಾಂಕ್ ಕ್ಯಾಷ್ ಕ್ರೆಡಿಟ್ ಕೊಡುವಾಗ ಹಣ ಕೊಟ್ಟ ದಾಸ್ತಾನನ್ನು ಮಾತ್ರ ಎಣಿಸುತ್ತದೆ. ದಾಸ್ತಾನು 3 ಕೋಟಿ, ಅದರಲ್ಲಿ ಪೂರೈಕೆದಾರರಿಗೆ ಕೊಡಬೇಕಾದ್ದು 1 ಕೋಟಿ ಅಂದರೆ ಉಳಿದ 2 ಕೋಟಿಯಲ್ಲಿ ಶೇ 25 ಮಾರ್ಜಿನ್ ಕಳೆದು 1.5 ಕೋಟಿ ತೆಗೆಯಲು ಬಿಡುತ್ತದೆ. ನಿಮ್ಮ 40 ಲಕ್ಷದ ಉದ್ರಿ ಮಾಲನ್ನು ‘ಹಣ ಕೊಟ್ಟಾಗಿದೆ’ ಅಂತ ತೋರಿಸಿದರೆ ಅದರ ಮೇಲೆ ಇನ್ನೂ 30 ಲಕ್ಷ ಎತ್ತಬಹುದು. ತಾಳೆಯಾಗುತ್ತಿಲ್ಲ ಎಂಬ ಟಿಪ್ಪಣಿ ಎರಡು ವರ್ಷ ಸತತ ಬಂದಿದ್ದರೆ, ಉದ್ರಿ ಪಡೆದ ಮಾಲಿನ ಮೇಲೆ ಸಾಲ ಎತ್ತುವ ರೂಢಿ ಇದೆಯೇನೋ ಎಂದು ನಾನು ವಿಚಾರಿಸುತ್ತೇನೆ.

ಕಂಪನಿ ದಿವಾಳಿಯಾದರೆ ಪಾಳಿ ಎಲ್ಲಿ ಎಂದು ಕೇಳುತ್ತೀರಿ. ದಿವಾಳಿ ಸಂಹಿತೆಯ 53ನೇ ಸೆಕ್ಷನ್‌ನಲ್ಲಿ ಪ್ರಕ್ರಿಯೆಯ ಖರ್ಚಿನ ನಂತರ ಕೆಲಸಗಾರರ 24 ತಿಂಗಳ ಬಾಕಿ ಮತ್ತು ಭದ್ರತೆ ಪಡೆದು ಸಾಲ ಕೊಟ್ಟವರು ಒಟ್ಟಿಗೆ ನಿಲ್ಲುತ್ತಾರೆ. ಆಮೇಲೆ ನೌಕರರ ವೇತನ, ಭದ್ರತೆಯಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ. ಮಾಲು ಕೊಟ್ಟ ನೀವು ಇವರೆಲ್ಲರ ಹಿಂದೆ. ಅಷ್ಟೇ ಅಲ್ಲ, 2020ರ ಮಾರ್ಚ್‌ನಿಂದ ಆ ಪ್ರಕ್ರಿಯೆ ಶುರು ಮಾಡಲು ಬಾಕಿ ಕನಿಷ್ಠ 1 ಕೋಟಿ ಇರಬೇಕು. 40 ಲಕ್ಷಕ್ಕೆ ಆ ಬಾಗಿಲು ತಟ್ಟಲೂ ಬರುವುದಿಲ್ಲ, ಸಿವಿಲ್ ಕೋರ್ಟಿನ ದಾರಿಯೇ.

ನಿಮ್ಮ ಪ್ರಸಂಗಕ್ಕೆ ಬರೋಣ. ಪಟ್ಟಿ ತೆಗೆದಾಗ ಎರಡನೆಯ ಸಾಲಿನಂಥ ಒಂದೇ ಬ್ಯಾಂಕ್, ಒಂದೆರಡು ಹಳೆಯ ತೀರುವಳಿಗಳು, ಒಂದು ಕಾರು ಸಿಕ್ಕರೆ ಭದ್ರತೆಯ ಸಾಲದ ಮಟ್ಟಿಗೆ ಅವರ ಮಾತು ನಿಜ. ಆಗಲೂ ಪೂರ್ತಿ 40 ಲಕ್ಷವನ್ನು ಒಂದೇ ಸಲ ಕಳಿಸಬೇಡಿ. 12–15 ಲಕ್ಷದ ಲೋಡ್ ಕಳಿಸಿ, ಅದರ ಹಣ ಬಂದ ಮೇಲೆ ಮುಂದಿನದು. ಆರನೆಯ ಸಾಲಿನಂಥದ್ದು ಕಂಡರೆ ಆ ಸಾಲಿನ ಪ್ರತಿ ಮುಂದಿಟ್ಟು ಕೇಳಿ: ‘ಒಂದೇ ಬ್ಯಾಂಕ್ ಅಂದಿದ್ರಿ, ಇದು ಯಾವುದು?’ ಉತ್ತರ ಎಷ್ಟು ಸಲೀಸಾಗಿ ಬರುತ್ತದೆ ಎಂಬುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಸರಿಯಾದ ಉತ್ತರ ಬಂದರೂ ಉದ್ರಿಯನ್ನು 30 ದಿನಕ್ಕೆ ಇಳಿಸಿ, ಉಳಿದದ್ದಕ್ಕೆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಕೇಳಿ. ಅವರ ಬ್ಯಾಂಕಿನ ಮಿತಿಯಲ್ಲಿ ಅದಕ್ಕೆ ಅವಕಾಶ ಇದೆಯೇ ಎಂಬುದನ್ನೂ CHG-1ರ ಲಗತ್ತಿನಲ್ಲಿರುವ ಕರಾರಿನಲ್ಲೇ ಹುಡುಕಬಹುದು.

‘ಹಣ ಪೂರ್ತಿ ಬರುವ ತನಕ ಮಾಲು ನಮ್ಮದೇ’ ಎಂದು ಕರಾರು ಬರೆಸಬಹುದು, ಸರಕು ಮಾರಾಟ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಅದಕ್ಕೆ ಜಾಗವಿದೆ. ಆದರೆ ಬಿಲ್ಲಿನ ಕೆಳಗೆ ನೀವೊಬ್ಬರೇ ಮುದ್ರಿಸಿಕೊಂಡರೆ ಬಲ ಬಾರದು, ಅವರ ಸಹಿ ಬೇಕು. ಶೀಟು ಕತ್ತರಿಸಿ, ಬಾಗಿಸಿ, ವೆಲ್ಡ್ ಮಾಡಿ ಬೇರೆ ವಸ್ತುವಾದ ಮೇಲೆ ‘ಇದು ನಮ್ಮ ಶೀಟು’ ಎಂದು ತೋರಿಸುವುದು ಕಷ್ಟ. ನಿಮ್ಮ ಮಾಲು ಅವರ ಶೆಡ್ಡಿನಲ್ಲಿ ಕಾಯಿಲ್ ರೂಪದಲ್ಲಿ ಎಷ್ಟು ದಿನ ಇರುತ್ತದೆ ಎಂಬುದನ್ನು ಮೊದಲು ವಿಚಾರಿಸಿ, ವಾರವೂ ಇಲ್ಲದಿದ್ದರೆ ಆ ಕರಾರಿನ ಮೇಲೆ ಭರವಸೆ ಇಡಬೇಡಿ.

ಪಟ್ಟಿಯ ಒಂದು ಪ್ರತಿಯನ್ನು ಇವತ್ತಿನ ದಿನಾಂಕ ಬರೆದು ಫೈಲಿನಲ್ಲಿಡಿ. ಇವತ್ತು ಕಾಣದ ಚಾರ್ಜ್ 120 ದಿನದವರೆಗೆ ಬರಬಹುದು ಎಂಬ ಕಾರಣಕ್ಕೆ, ಉದ್ರಿ ನಡೆಯುತ್ತಿರುವಷ್ಟು ಕಾಲ ತಿಂಗಳಿಗೊಮ್ಮೆ ಮತ್ತೆ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ. ಹೊಸ ಹೆಸರು ಬಂದಿದ್ದರೆ, ಅಥವಾ ಹಳೆಯ ಬ್ಯಾಂಕಿನ ಸಾಲಿನಲ್ಲಿ ಬದಲಾವಣೆಯ ದಿನಾಂಕ ಹೊಸದಾಗಿದ್ದರೆ, ಮುಂದಿನ ಲಾರಿ ಹೊರಡುವ ಮೊದಲು ಅದರ CHG-1 ತೆರೆಯಿರಿ.